ಸೆಲ್ ಬದಲಾಯಿಸಿದ ಮೇಲೆ ಟಿವಿ ರಿಮೋಟ್ ಕೆಲಸ ಮಾಡುತ್ತಿಲ್ಲವೇ? ಹೊಸದು ಕೊಳ್ಳುವ ಮೊದಲು ಹೀಗೆ ಮಾಡಿ

ಒಂದು ಭಾನುವಾರ ಮಧ್ಯಾಹ್ನ ಶಿವಮೊಗ್ಗದಿಂದ ಚಿಕ್ಕಮ್ಮ ಫೋನ್ ಮಾಡಿದರು. “ರಿಮೋಟಿಗೆ ಹೊಸ ಸೆಲ್ ಹಾಕಿದ್ವಿ ಕಣೋ. ಟಿವಿ ಆನ್ ಆಗುತ್ತೆ, ಆಫೂ ಆಗುತ್ತೆ. ಬೇರೆ ಯಾವ ಬಟನ್ ಒತ್ತಿದ್ರೂ ಏನೂ ಆಗಲ್ಲ. ರಿಮೋಟೇ ಹೋಯ್ತಾ ಅಂತ?” ಚಿಕ್ಕಪ್ಪ ಹೊಸ ರಿಮೋಟ್ ತರೋಕೆ ಅಂತ ಚಪ್ಪಲಿ ಹಾಕಿಕೊಂಡು ನಿಂತಿದ್ದರಂತೆ. ಸ್ವಲ್ಪ ತಡೆಯಿರಿ, ರಿಮೋಟ್ ಹೋಗಿಲ್ಲ ಅಂದೆ.

ಅಷ್ಟು ಧೈರ್ಯವಾಗಿ ಹೇಳಲು ಕಾರಣ ಅವರ ಮಾತಿನಲ್ಲೇ ಇತ್ತು. ಆನ್ ಆಫ್ ಆಗುತ್ತದೆ, ಬೇರೇನೂ ಆಗುವುದಿಲ್ಲ. ಅಂದರೆ ರಿಮೋಟಿನ ಅರ್ಧ ಭಾಗ ಸರಿಯಾಗಿದೆ. ಯಾವ ಅರ್ಧ ಕೆಲಸ ಮಾಡುತ್ತಿದೆ, ಯಾವ ಅರ್ಧ ನಿಂತಿದೆ ಅಂತ ಮೊದಲು ತಿಳಿದುಕೊಂಡರೆ ಉಳಿದ ಕೆಲಸ ತುಂಬಾ ಸುಲಭ. ಅದನ್ನು ನೋಡದೆ ಕಂಡ ಕಂಡ ಬಟನ್ ಒತ್ತುತ್ತಾ ಹೋದರೆ ತೊಂದರೆ ಜಾಸ್ತಿಯಾಗುತ್ತದೆ. ಚಿಕ್ಕಮ್ಮನ ಮನೆಯಲ್ಲಿ ಆಗಿದ್ದೂ ಅದೇ, ಮುಂದೆ ಹೇಳುತ್ತೇನೆ.

ಒಂದೇ ರಿಮೋಟು, ಎರಡು ದಾರಿ

ಈಗಿನ ಬಹಳಷ್ಟು ಸ್ಮಾರ್ಟ್ ಟಿವಿಗಳ ರಿಮೋಟ್ ಎರಡು ರೀತಿಯಲ್ಲಿ ಟಿವಿಗೆ ಸುದ್ದಿ ಮುಟ್ಟಿಸುತ್ತದೆ. ಒಂದು ಹಳೆಯ ದಾರಿ, ಇನ್‌ಫ್ರಾರೆಡ್. ರಿಮೋಟಿನ ಮೂತಿಯಲ್ಲಿರುವ ಸಣ್ಣ ಬಲ್ಬು ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಟಿವಿಯ ಕೆಳಗಿನ ಅಂಚಿನಲ್ಲಿರುವ ಕಣ್ಣು ಅದನ್ನು ಹಿಡಿಯುತ್ತದೆ. ಇದಕ್ಕೆ ಟಿವಿ ಜೊತೆ ಯಾವ ಪರಿಚಯವೂ ಬೇಕಿಲ್ಲ. ಅದೇ ಮಾಡೆಲ್ಲಿನ ಪಕ್ಕದ ಮನೆ ರಿಮೋಟ್ ತಂದು ಒತ್ತಿದರೂ ನಡೆಯುತ್ತದೆ. ಆದರೆ ಬೆಳಕು ಬೆಳಕೇ. ನಡುವೆ ಏನಾದರೂ ಅಡ್ಡ ಬಂದರೆ ನಿಂತುಹೋಗುತ್ತದೆ.

ಇನ್ನೊಂದು ಬ್ಲೂಟೂತ್. ಇದು ರೇಡಿಯೋ ಅಲೆ. ಟಿವಿ ಕಡೆಗೆ ಗುರಿ ಇಡಬೇಕಿಲ್ಲ, ಕಂಬಳಿ ಒಳಗಿಂದ ಒತ್ತಿದರೂ ಸಾಗುತ್ತದೆ. ಆದರೆ ರಿಮೋಟ್ ಮತ್ತು ಟಿವಿ ಮೊದಲೇ ಒಂದಕ್ಕೊಂದು ಜೋಡಿಯಾಗಿರಬೇಕು. ಇದನ್ನೇ ಪೇರಿಂಗ್ ಅನ್ನುವುದು. ಮೈಕ್ ಬಟನ್ ಒತ್ತಿ ಮಾತಾಡುವುದು ಈ ದಾರಿಯಲ್ಲೇ ಹೋಗುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಹೋಮ್, ಬ್ಯಾಕ್, ಬಾಣದ ಬಟನ್‌ಗಳೂ ಇದೇ ದಾರಿ ಹಿಡಿಯುತ್ತವೆ. ಪವರ್ ಬಟನ್ ಮಾತ್ರ ಸಾಮಾನ್ಯವಾಗಿ ಇನ್‌ಫ್ರಾರೆಡ್‌ನಲ್ಲೇ ಇರುತ್ತದೆ.

ಈಗ ಚಿಕ್ಕಮ್ಮನ ಮಾತು ಅರ್ಥವಾಯಿತಲ್ವಾ? ಪವರ್ ಕೆಲಸ ಮಾಡುತ್ತಿದೆ ಅಂದರೆ ಬೆಳಕಿನ ದಾರಿ ತೆರೆದಿದೆ. ಉಳಿದದ್ದು ನಡೆಯುತ್ತಿಲ್ಲ ಅಂದರೆ ಬ್ಲೂಟೂತ್ ಸಂಪರ್ಕ ತಪ್ಪಿದೆ. ಇದರ ತಿರುಗಾಮುರುಗಾ ಕೂಡ ಆಗುತ್ತದೆ. ಎಲ್ಲ ಬಟನ್ ಸರಿ, ಪವರ್ ಮಾತ್ರ ಆಗುತ್ತಿಲ್ಲ ಅಂದರೆ ಟಿವಿಯ ಕಣ್ಣಿಗೆ ಏನೋ ಅಡ್ಡ ಬಂದಿದೆ. ಏನೂ ನಡೆಯುತ್ತಿಲ್ಲ, ರಿಮೋಟಿನ ದೀಪವೂ ಮಿನುಗುತ್ತಿಲ್ಲ ಅಂದರೆ ಜೋಡಣೆಯ ಯೋಚನೆ ಆಮೇಲೆ, ಮೊದಲು ಸೆಲ್ ನೋಡಬೇಕು.

ಬೆಳಕಿನ ದಾರಿ ಸರಿಯಿದೆಯೇ ಅಂತ ನೋಡಲು ಮೊಬೈಲ್ ಸಾಕು. ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ತೋರಿಸಿ ಪವರ್ ಬಟನ್ ಒತ್ತಿ. ಪರದೆಯ ಮೇಲೆ ನೇರಳೆ ಅಥವಾ ಬಿಳಿ ಬೆಳಕು ಮಿನುಗಿದರೆ ಬಲ್ಬು ಸರಿಯಿದೆ. ಕೆಲವು ಮೊಬೈಲ್‌ಗಳ ಕ್ಯಾಮೆರಾ ಈ ಬೆಳಕನ್ನು ಸೋಸಿಬಿಡುತ್ತದೆ. ಹಾಗಾಗಿ ಮೊದಲು ಸೆಟ್‌ಟಾಪ್ ಬಾಕ್ಸ್ ಅಥವಾ ಎಸಿ ರಿಮೋಟಿನಿಂದ ಕ್ಯಾಮೆರಾವನ್ನೇ ಪರೀಕ್ಷೆ ಮಾಡಿಕೊಳ್ಳಿ. ಅದು ಕಂಡು ಇದು ಕಾಣದಿದ್ದರೆ ಮಾತ್ರ ರಿಮೋಟಿನ ಮೇಲೆ ಅನುಮಾನ. ಈ ಪರೀಕ್ಷೆಗೆ ಪವರ್ ಬಟನ್ನೇ ಬಳಸಿ. ಬ್ಲೂಟೂತ್‌ನಲ್ಲಿ ಹೋಗುವ ಬಟನ್ ಒತ್ತಿದರೆ ಬಲ್ಬು ಮಿನುಗದೇ ಇರಬಹುದು, ಅದು ದೋಷವಲ್ಲ.

ಸೆಲ್ ತೆಗೆದರೆ ಜೋಡಣೆ ಅಳಿಸಿಹೋಗುತ್ತದೆಯೇ?

ಹೆಚ್ಚಿನವರು ಹಾಗೇ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಫೋಟೋ ಉಳಿಯುವ ಹಾಗೆ, ಜೋಡಣೆಯ ವಿವರ ಕರೆಂಟ್ ಇಲ್ಲದೆಯೂ ಉಳಿಯುವ ಜಾಗದಲ್ಲಿ ಬರೆದಿರುತ್ತದೆ. ಹಾಗಾದರೆ ಸೆಲ್ ಬದಲಾಯಿಸಿದ ತಕ್ಷಣವೇ ಯಾಕೆ ಕೈಕೊಡುತ್ತದೆ? ನಾನು ಕಂಡ ಮಟ್ಟಿಗೆ ಕಾರಣ ಈ ಮೂರರಲ್ಲಿ ಒಂದು. ಹೊಸ ಸೆಲ್ಲೇ ಸರಿಯಿರುವುದಿಲ್ಲ. ಇಲ್ಲವೇ ರಿಮೋಟಿನ ಚಿಪ್ ಅರೆಬರೆ ಕರೆಂಟಿನಲ್ಲಿ ಎದ್ದು ಸಿಕ್ಕಿಹಾಕಿಕೊಂಡಿರುತ್ತದೆ. ಇಲ್ಲವೇ ಸೆಲ್ ಹಾಕುವಾಗ, ಹಾಕಿದ ಮೇಲೆ ಗಾಬರಿಯಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿ ರಿಮೋಟನ್ನು ಗೊತ್ತಿಲ್ಲದೆಯೇ ಹೊಸ ಜೋಡಣೆಗೆ ಕಳಿಸಿರುತ್ತೇವೆ.

ಸೆಲ್ಲಿನಿಂದಲೇ ಶುರುಮಾಡೋಣ. ರಿಮೋಟಿಗೆ ಹಾಕುವುದು ಹೆಚ್ಚಾಗಿ ಎರಡು ತ್ರಿಬಲ್ ಎ ಸೆಲ್. ಅಂಗಡಿಯಲ್ಲಿ ಸುಮ್ನೆ “ಸಣ್ಣ ಸೆಲ್ ಕೊಡಿ” ಅಂದರೆ ಗೋಡೆ ಗಡಿಯಾರಕ್ಕೆ ಹಾಕುವಂಥ ಕಡಿಮೆ ಬೆಲೆಯ ಜಿಂಕ್ ಕಾರ್ಬನ್ ಸೆಲ್ ಕೊಡುವುದೇ ಜಾಸ್ತಿ. ಗಡಿಯಾರಕ್ಕೆ ಅದು ಸಾಕು. ಯಾಕೆಂದರೆ ಗಡಿಯಾರ ತೊಟ್ಟು ತೊಟ್ಟಾಗಿ ಕರೆಂಟ್ ಎಳೆಯುತ್ತದೆ. ರಿಮೋಟ್ ಹಾಗಲ್ಲ. ಬಟನ್ ಒತ್ತಿದ ಕ್ಷಣ, ಅದರಲ್ಲೂ ಮೈಕ್ ಒತ್ತಿ ಮಾತಾಡುವಾಗ, ಒಮ್ಮೆಗೇ ಜಾಸ್ತಿ ಎಳೆಯುತ್ತದೆ. ದುರ್ಬಲ ಸೆಲ್ಲಿನ ವೋಲ್ಟೇಜ್ ಆಗ ಕುಸಿಯುತ್ತದೆ. ಚಿಪ್ ಆರಿ ಮತ್ತೆ ಎದ್ದೇಳುತ್ತದೆ. ದೀಪ ಒಮ್ಮೆ ಮಿನುಗುತ್ತದೆ, ಟಿವಿಗೆ ಮಾತ್ರ ಏನೂ ತಲುಪುವುದಿಲ್ಲ. ಪೊಟ್ಟಣದ ಮೇಲೆ ಆಲ್ಕಲೈನ್ ಅಂತ ಇರುವ ಸೆಲ್ಲನ್ನೇ ಕೇಳಿ ತನ್ನಿ.

ಒಂದು ಹಳೆಯದು, ಒಂದು ಹೊಸದು ಹಾಕಬೇಡಿ. ಎರಡೂ ಒಂದರ ಹಿಂದೊಂದು ನಿಂತು ಕೆಲಸ ಮಾಡುತ್ತವೆ. ಹಳೆಯದು ಸೋತರೆ ಹೊಸದರ ಶಕ್ತಿಯೂ ಹೊರಗೆ ಬರುವುದಿಲ್ಲ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಅಳೆದು ನೋಡಿ. ಹೊಸ ಆಲ್ಕಲೈನ್ ಸೆಲ್ 1.5ರಿಂದ 1.6 ವೋಲ್ಟ್ ತೋರಿಸಬೇಕು. 1.2ಕ್ಕೆ ಇಳಿದದ್ದನ್ನು ಗಡಿಯಾರಕ್ಕೆ ಕೊಡಿ, ಈ ರಿಮೋಟಿಗೆ ಬೇಡ. ಚಾರ್ಜ್ ಮಾಡುವ ಸೆಲ್ ವಿಷಯ ಬೇರೆ. ಅದರ ಸಹಜ ವೋಲ್ಟೇಜೇ ಸುಮಾರು 1.2. ಕೆಲವು ರಿಮೋಟ್ ಅದರಲ್ಲಿ ಚೆನ್ನಾಗಿ ನಡೆಯುತ್ತವೆ, ಕೆಲವು ಪೂರ್ತಿ ಚಾರ್ಜ್ ಇದ್ದರೂ ಬ್ಯಾಟರಿ ಕಡಿಮೆಯಿದೆ ಅಂತ ತೋರಿಸುತ್ತವೆ. ತೊಂದರೆ ಹುಡುಕುವ ಹೊತ್ತಿನಲ್ಲಿ ಆಲ್ಕಲೈನ್ ಹಾಕಿ, ಎಲ್ಲ ಸರಿಯಾದ ಮೇಲೆ ಬೇಕಾದರೆ ಬದಲಾಯಿಸಿ.

ಸೆಲ್ ಕೂರುವ ಗೂಡನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಸೆಲ್ಲಿನ ಚಪ್ಪಟೆ ತುದಿ ಸ್ಪ್ರಿಂಗ್ ಕಡೆಗೆ ಬರಬೇಕು. ಸ್ಪ್ರಿಂಗ್ ಒಳಗೆ ಮಲಗಿಬಿಟ್ಟಿದ್ದರೆ ಚಿಮಟದಿಂದ ಮೆಲ್ಲಗೆ ಹೊರಗೆ ಎಳೆಯಿರಿ. ಹಳೆಯ ಸೆಲ್ ಸೋರಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಮೊದಲು ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿ. ಆಲ್ಕಲೈನ್ ಸೆಲ್ ಸೋರಿದ ಬಿಳಿ ಪುಡಿಗೆ ಹತ್ತಿಕಡ್ಡಿಯಲ್ಲಿ ಒಂದು ತೊಟ್ಟು ವಿನಿಗರ್ ಸಾಕು. ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಅರ್ಧ ಗಂಟೆ ಒಣಗಲು ಬಿಡಿ. ಆ ಪುಡಿ ಚರ್ಮಕ್ಕೆ, ಕಣ್ಣಿಗೆ ಒಳ್ಳೆಯದಲ್ಲ. ಮಕ್ಕಳನ್ನು ದೂರ ಇಟ್ಟು ಮಾಡಿ, ಮುಗಿದ ಮೇಲೆ ಕೈ ತೊಳೆಯಿರಿ.

ಎರಡನೇ ಕಾರಣಕ್ಕೆ, ಅಂದರೆ ಚಿಪ್ ಸಿಕ್ಕಿಹಾಕಿಕೊಂಡಿದ್ದಕ್ಕೆ, ಮದ್ದು ಸರಳ. ಎರಡೂ ಸೆಲ್ ತೆಗೆಯಿರಿ. ಸೆಲ್ ಇಲ್ಲದೆಯೇ ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದಿದ್ದ ಚೂರುಪಾರು ಕರೆಂಟ್ ಇದರಿಂದ ಖಾಲಿಯಾಗುತ್ತದೆ. ನಂತರ ಪ್ರತಿ ಬಟನ್ನನ್ನೂ ಒಂದೊಂದು ಸಲ ಒತ್ತಿ ಬಿಡಿ. ಯಾವುದಾದರೂ ಬಟನ್ ಒಳಗೇ ಅಂಟಿಕೊಂಡಿದ್ದರೆ ಆಗ ಬೆರಳಿಗೆ ಗೊತ್ತಾಗುತ್ತದೆ. ಅಂಟಿಕೊಂಡ ಬಟನ್ ಬಗ್ಗೆ ಉದಾಸೀನ ಬೇಡ. ರಿಮೋಟ್ ತನ್ನನ್ನು ಯಾರೋ ಒತ್ತಿ ಹಿಡಿದಿದ್ದಾರೆ ಅಂದುಕೊಂಡು ನಿದ್ದೆಗೆ ಹೋಗುವುದೇ ಇಲ್ಲ. ಹೊಸ ಸೆಲ್ ಕೆಲವೇ ದಿನದಲ್ಲಿ ಮುಗಿಯುತ್ತದೆ, ಪೇರಿಂಗ್ ಬಟನ್‌ಗಳನ್ನು ಎಷ್ಟು ಒತ್ತಿದರೂ ಕೆಲಸ ಮಾಡುವುದಿಲ್ಲ. ಸೆಲ್ ಹಾಕಿದ ಕೂಡಲೇ ಏನೂ ಒತ್ತದೆ ದೀಪ ಉರಿಯುತ್ತಲೇ ಇದ್ದರೆ ಹೆಚ್ಚಾಗಿ ಇದೇ ಕಾರಣ.

ಟಿವಿಯನ್ನು ನಿಜವಾಗಿ ಆಫ್ ಮಾಡಿ

ಮತ್ತೆ ಜೋಡಿಸುವ ಮೊದಲು ಇನ್ನೊಂದು ಕೆಲಸ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಟಿವಿ ಮಲಗುತ್ತದೆ ಅಷ್ಟೇ, ಒಳಗೆ ಬ್ಲೂಟೂತ್ ಎದ್ದೇ ಇರುತ್ತದೆ. ರಿಮೋಟ್ ನಡುವೆ ಮಾಯವಾಗಿ ಮತ್ತೆ ಬಂದಾಗ ಗುರುತು ಸಿಗದೆ ಟಿವಿ ಕಡೆಯೇ ತೊಡಕಾಗಿರಬಹುದು. ಗೋಡೆಯ ಸ್ವಿಚ್ ಆಫ್ ಮಾಡಿ ಎರಡು ನಿಮಿಷ ಕಾಯಿರಿ. ಪೂರ್ತಿ ಎರಡು ನಿಮಿಷ. ಮತ್ತೆ ಆನ್ ಮಾಡಿದ ಮೇಲೆ ಹೋಮ್ ಪರದೆ ಬಂದ ಕೂಡಲೇ ಅವಸರ ಮಾಡಬೇಡಿ. ಒಳಗಿನ ಕೆಲಸಗಳು ಏಳಲು ಇನ್ನೂ ಒಂದು ನಿಮಿಷ ಬೇಕು. ಆಮೇಲೆ ರಿಮೋಟಿಗೆ ಸೆಲ್ ಹಾಕಿ ಒಂದು ಬಟನ್ ಒತ್ತಿ ನೋಡಿ. ಎಷ್ಟೋ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ. ಹಳೆಯ ಜೋಡಣೆ ಇದ್ದೇ ಇತ್ತು, ಎರಡೂ ಕಡೆಯವರು ಒಮ್ಮೆ ಮಲಗಿ ಎದ್ದರೆ ಸಾಕಿತ್ತು.

ಮತ್ತೆ ಜೋಡಿಸುವುದು

ಆಗಲೂ ಆಗದಿದ್ದರೆ ಹೊಸದಾಗಿ ಜೋಡಿಸಬೇಕು. ರಿಮೋಟೇ ಕೆಲಸ ಮಾಡದಿರುವಾಗ ಟಿವಿಯ ಮೆನುಗೆ ಹೋಗುವುದು ಹೇಗೆ ಅನ್ನುವ ಪ್ರಶ್ನೆ ಬರುತ್ತದೆ. ನನಗೆ ಅತಿ ಸುಲಭ ಅನ್ನಿಸಿದ್ದು ಕಂಪ್ಯೂಟರಿನ ಯುಎಸ್‌ಬಿ ಮೌಸ್. ಆಂಡ್ರಾಯ್ಡ್ ಟಿವಿಯ ಹಿಂದೆ ಚುಚ್ಚಿದರೆ ಪರದೆಯಲ್ಲಿ ಬಾಣ ಬರುತ್ತದೆ, ಎಡ ಬಟನ್ ಓಕೆ ಇದ್ದ ಹಾಗೆ. ಮೌಸ್ ಇಲ್ಲದಿದ್ದರೆ ಮೊಬೈಲ್. ಟಿವಿ ಮತ್ತು ಮೊಬೈಲ್ ಒಂದೇ ವೈಫೈನಲ್ಲಿದ್ದರೆ Google TV ಆಪ್‌ನ ಒಳಗೇ ಒಂದು ರಿಮೋಟ್ ಇದೆ. ಟಿವಿ ಪರದೆಯಲ್ಲಿ ಕಾಣುವ ಕೋಡನ್ನು ಮೊಬೈಲ್‌ನಲ್ಲಿ ಬರೆದರೆ ಅದು ಸಿದ್ಧ. ಸ್ಯಾಮ್‌ಸಂಗ್‌ಗೆ SmartThings, ಎಲ್‌ಜಿಗೆ ThinQ ಇದೇ ಕೆಲಸ ಮಾಡುತ್ತವೆ. ಎರಡೂ ಇಲ್ಲದಿದ್ದರೆ ಟಿವಿಯ ಕೆಳಗೋ ಹಿಂದೆಯೋ ಒಂದು ಸಣ್ಣ ಬಟನ್ ಅಥವಾ ಕಡ್ಡಿ ಇರುತ್ತದೆ, ಕೈಯಾಡಿಸಿ ಹುಡುಕಿ.

ಈಗ ಆಂಡ್ರಾಯ್ಡ್ ಅಥವಾ ಗೂಗಲ್ ಟಿವಿಯಲ್ಲಿ ಮಾಡುವ ಕ್ರಮ:

1. `Settings` ಒಳಗೆ `Remotes & Accessories` ತೆರೆಯಿರಿ. ಅಲ್ಲಿ ನಿಮ್ಮ ಹಳೆಯ ರಿಮೋಟಿನ ಹೆಸರಿದ್ದರೆ ಅದನ್ನು ಒತ್ತಿ, ಪಟ್ಟಿಯಿಂದ ತೆಗೆದುಹಾಕಿ. ಇದನ್ನು ಬಿಟ್ಟು ಮುಂದೆ ಹೋದರೆ ಟಿವಿ ಹಳೆಯ ಗುರುತಿಗೇ ಕಾಯುತ್ತಾ ಕೂರಬಹುದು.
2. ಅದೇ ಪುಟದಲ್ಲಿ ಹೊಸ ಸಾಧನ ಸೇರಿಸುವ ಆಯ್ಕೆ ಒತ್ತಿ. ಟಿವಿ ಹುಡುಕಲು ಶುರುಮಾಡುತ್ತದೆ.
3. ಟಿವಿಯಿಂದ ಒಂದೆರಡು ಅಡಿ ದೂರದಲ್ಲಿ ನಿಲ್ಲಿ. ಪರದೆಯಲ್ಲಿ ತೋರಿಸಿದ ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಗೂಗಲ್‌ನ ರಿಮೋಟಿನಲ್ಲಿ ಅದು ಹೋಮ್ ಮತ್ತು ಬ್ಯಾಕ್. ಬೇರೆ ಕಂಪನಿಗಳಲ್ಲಿ ಹೋಮ್ ಮತ್ತು ಮೆನು, ಅಥವಾ ಹೋಮ್ ಮತ್ತು ಓಕೆ ಇರಬಹುದು. ದೀಪ ಮಿನುಗಲು ಶುರುವಾಗುವವರೆಗೂ ಬಿಡಬೇಡಿ.
4. ಪಟ್ಟಿಯಲ್ಲಿ ರಿಮೋಟಿನ ಹೆಸರು ಬಂದಾಗ ಆರಿಸಿ. ಜೋಡಣೆ ಮುಗಿಯಿತು ಅಂತ ಪರದೆ ಹೇಳುವ ತನಕ ಬೇರೇನೂ ಒತ್ತಬೇಡಿ.

ಬೇರೆ ಟಿವಿಗಳಲ್ಲಿ ಮೆನುಗೆ ಹೋಗಬೇಕಾಗಿಯೇ ಇಲ್ಲ. ಸ್ಯಾಮ್‌ಸಂಗ್‌ನಲ್ಲಿ ಟಿವಿ ಹತ್ತಿರ ನಿಂತು ರಿಟರ್ನ್ ಮತ್ತು ಪ್ಲೇ ಪಾಸ್ ಬಟನ್‌ಗಳನ್ನು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಸಾಕು. ಎಲ್‌ಜಿಯ ಮ್ಯಾಜಿಕ್ ರಿಮೋಟಿನಲ್ಲಿ ಮೊದಲು ಹಳೆಯ ನೋಂದಣಿ ಅಳಿಸಬೇಕು. ಹೋಮ್ ಮತ್ತು ಬ್ಯಾಕ್ ಒಟ್ಟಿಗೆ ಐದು ಸೆಕೆಂಡ್ ಹಿಡಿಯಿರಿ, ದೀಪ ಮಿನುಗುತ್ತದೆ. ಆಮೇಲೆ ಟಿವಿ ಕಡೆ ತೋರಿಸಿ ನಡುವಿನ ಚಕ್ರವನ್ನು ಒತ್ತಿ. ಅಮೆಜಾನ್ ಫೈರ್ ಟಿವಿಯಲ್ಲಿ ಹೋಮ್ ಬಟನ್ ಒಂದನ್ನೇ ಹತ್ತು ಸೆಕೆಂಡ್ ಹಿಡಿಯಬೇಕು.

ಜೋಡಣೆ ಮಧ್ಯದಲ್ಲೇ ಬಿದ್ದುಹೋದರೆ ಮನೆಯಲ್ಲಿ ಇನ್ನೊಂದು ಟಿವಿ ಇದೆಯಾ ನೋಡಿ. ಅದೇ ಕಂಪನಿಯದು ಪಕ್ಕದ ರೂಮಿನಲ್ಲಿ ಇದ್ದರೆ ಅದರ ಸ್ವಿಚ್ ಆಫ್ ಮಾಡಿಬಿಡಿ. ಬ್ಲೂಟೂತ್ ಹೆಡ್‌ಫೋನ್, ಗೇಮ್ ಕಂಟ್ರೋಲರ್ ಟಿವಿಗೆ ಸೇರಿಕೊಂಡಿದ್ದರೆ ಅವನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾರಾದರೂ ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಅಂದರೆ ದಯವಿಟ್ಟು ಕೂಡಲೇ ಮಾಡಬೇಡಿ. ಎಲ್ಲ ಆಪ್‌ಗಳ ಲಾಗಿನ್ ಹೋಗುವುದು ಒಂದು ಕಡೆ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ರೀಸೆಟ್ ಆದ ಟಿವಿ ವೈಫೈಯನ್ನೂ ಮರೆಯುತ್ತದೆ. ಮೊಬೈಲಿನ ರಿಮೋಟ್ ಆಗ ಕೆಲಸಕ್ಕೆ ಬರುವುದಿಲ್ಲ. ಮೊದಲ ಪರದೆಯಲ್ಲೇ ರಿಮೋಟ್ ಜೋಡಿಸಿ ಅಂತ ಕೇಳುತ್ತಾ ನಿಲ್ಲುತ್ತದೆ. ಕೈಯಲ್ಲಿ ಯುಎಸ್‌ಬಿ ಮೌಸ್ ಇಲ್ಲದೆ ಆ ಕೆಲಸಕ್ಕೆ ಇಳಿಯಲೇಬೇಡಿ.

ಚಿಕ್ಕಮ್ಮನ ಮನೆಯಲ್ಲಿ ಏನಾಗಿತ್ತು

ಫೋನಿನಲ್ಲೇ ಕೇಳುತ್ತಾ ಹೋದೆ. ಯಾವ ಸೆಲ್ ಹಾಕಿದ್ದೀರಿ? “ಗಡಿಯಾರಕ್ಕೆ ಅಂತ ತಂದಿದ್ವಲ್ಲ, ಅದೇ ಎರಡು.” ರಿಮೋಟಿನ ದೀಪ ಏನು ಮಾಡುತ್ತಿದೆ? “ಪಟಪಟ ಅಂತ ಹೊಡ್ಕೋತಾ ಇದೆ, ಆಮೇಲೆ ಆರಿಹೋಗುತ್ತೆ.” ಆಗ ನನಗೆ ಚಿತ್ರ ಸಿಕ್ಕಿತು. ಗಡಿಯಾರದ ಸೆಲ್ಲಿನಲ್ಲಿ ಬ್ಲೂಟೂತ್ ಏಳಲಿಲ್ಲ. ಚಿಕ್ಕಪ್ಪ ಬೇಸರದಲ್ಲಿ ಎರಡೂ ಹೆಬ್ಬೆರಳಿಟ್ಟು ಸಿಕ್ಕ ಬಟನ್‌ಗಳನ್ನೆಲ್ಲ ಒತ್ತಿದರು. ಹೋಮ್ ಮತ್ತು ಬ್ಯಾಕ್ ಒಟ್ಟಿಗೆ ಸಿಕ್ಕಿ ರಿಮೋಟ್ ಹೊಸ ಟಿವಿ ಹುಡುಕಲು ಹೊರಟಿತು. ಹುಡುಕಲು ಹೊರಟ ರಿಮೋಟ್ ಹಳೆಯ ಟಿವಿಯನ್ನು ಕರೆಯುವುದಿಲ್ಲ. ಟಿವಿಯೋ ಹಳೆಯ ಗುರುತು ಹಿಡಿದು ಕಾಯುತ್ತಿತ್ತು.

ಚಿಕ್ಕಪ್ಪ ಅಂಗಡಿಗೆ ಹೋಗಿದ್ದು ನಿಜ, ಆದರೆ ಎರಡು ಆಲ್ಕಲೈನ್ ಸೆಲ್ ತರಲು. ಗೋಡೆ ಸ್ವಿಚ್ ಎರಡು ನಿಮಿಷ ಆಫ್ ಆಯಿತು. ತಮ್ಮನ ಲ್ಯಾಪ್‌ಟಾಪಿನ ಮೌಸ್ ಟಿವಿಗೆ ಬಂತು. ಹಳೆಯ ಹೆಸರು ಅಳಿಸಿ ಹೊಸದಾಗಿ ಜೋಡಿಸಿದ ಮೇಲೆ ಹೋಮ್ ಬಟನ್ ಕೆಲಸ ಮಾಡಿತು. ಎಲ್ಲರಿಗೂ ಸಮಾಧಾನ.

ಸಂಜೆ ಮತ್ತೆ ಫೋನ್. “ಹತ್ತಿರ ನಿಂತ್ರೆ ಸರಿ ಕಣೋ. ಸೋಫಾದಲ್ಲಿ ಕೂತ್ರೆ ಮೂರು ಸಲ ಒತ್ತಿದ್ರೆ ಒಂದು ಸಲ ಹೋಗುತ್ತೆ.”

ಅಡ್ಡ ಬರುವ ವಸ್ತುಗಳು

ಹತ್ತಿರದಲ್ಲಿ ಸರಿ, ದೂರದಲ್ಲಿ ಇಲ್ಲ ಅಂದರೆ ಜೋಡಣೆ ಸರಿಯಿದೆ, ಅಲೆಗೆ ದಾರಿಯಲ್ಲಿ ತೊಂದರೆಯಿದೆ. ಸೆಲ್ ಹೊಸದು ಅಂತ ಖಚಿತವಿದ್ದರೆ ಮಾತ್ರ ಈ ಮಾತು. ದುರ್ಬಲ ಸೆಲ್ಲಿನ ಲಕ್ಷಣವೂ ಇದೇ.

ಮೊದಲು ಅಳೆದುಕೊಳ್ಳಿ. ಟಿವಿಯಿಂದ ಎರಡು ಅಡಿಯಲ್ಲಿ ನಿಂತು ಬಾಣದ ಬಟನ್ನನ್ನು ಇಪ್ಪತ್ತು ಸಲ ನಿಧಾನವಾಗಿ ಒತ್ತಿ. ಎಷ್ಟು ಸಲ ತಪ್ಪಿತು ಎಣಿಸಿ. ಆರು ಅಡಿಯಲ್ಲಿ ಇಪ್ಪತ್ತು, ಸೋಫಾದಿಂದ ಇಪ್ಪತ್ತು. ಈ ಲೆಕ್ಕ ಕೈಯಲ್ಲಿದ್ದರೆ ಮುಂದೆ ಒಂದೊಂದು ವಸ್ತು ಸರಿಸಿದಾಗ ಫಲ ಸಿಕ್ಕಿತೇ ಇಲ್ಲವೇ ಅಂತ ನಿಜವಾಗಿ ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎರಡು ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಚಿಕ್ಕಮ್ಮನ ಮನೆಯ ಲೆಕ್ಕ ಹೀಗಿತ್ತು. ಎರಡು ಅಡಿಯಲ್ಲಿ ಒಂದೂ ತಪ್ಪಲಿಲ್ಲ. ಆರು ಅಡಿಯಲ್ಲಿ ನಾಲ್ಕು. ಸೋಫಾದಿಂದ ಹದಿಮೂರು. ಟಿವಿ ಹಿಂದೆ ಏನೇನಿದೆ ಅಂತ ವಿಡಿಯೋ ಕಾಲ್‌ನಲ್ಲಿ ತೋರಿಸಲು ಹೇಳಿದೆ. ಷೋಕೇಸಿನ ಗೂಡಿನಲ್ಲಿ ಟಿವಿ. ಅದರ ಬೆನ್ನಿಗೆ ತಾಗಿಕೊಂಡು ವೈಫೈ ರೂಟರ್. ಮದುವೆ ಫೋಟೋಗಳಿರುವ ಹಾರ್ಡ್ ಡಿಸ್ಕ್ ಯುಎಸ್‌ಬಿಗೆ ಚುಚ್ಚಿಯೇ ಇತ್ತು. ಮುಂದೆ ಸೌಂಡ್‌ಬಾರ್.

ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಜಾಗದಲ್ಲಿ. ವೈಫೈಯ ಒಂದು ಭಾಗವೂ ಅಲ್ಲೇ ಇದೆ. ಬ್ಲೂಟೂತ್ ಜಾಣ. ಗದ್ದಲ ಇರುವ ಚಾನೆಲ್ ಬಿಟ್ಟು ಖಾಲಿ ಇರುವ ಕಡೆಗೆ ಜಿಗಿಯುತ್ತದೆ. ಆದ್ದರಿಂದ ಪಕ್ಕದ ಮನೆಯ ವೈಫೈಗೆಲ್ಲ ಅದು ಹೆದರುವುದಿಲ್ಲ. ಆದರೆ ರೂಟರ್ ಟಿವಿಯ ಬೆನ್ನಿಗೇ ಇದ್ದರೆ ಮಾತು ಬೇರೆ. ಕಿವಿಯ ಪಕ್ಕ ತಮಟೆ ಬಾರಿಸುತ್ತಿದ್ದರೆ ಅಂಗಳದಿಂದ ಕರೆದದ್ದು ಕೇಳುತ್ತದೆಯೇ? ರೂಟರನ್ನು ಮೂರು ನಾಲ್ಕು ಅಡಿ ದೂರ ಸರಿಸಿದರೆ ದೊಡ್ಡ ವ್ಯತ್ಯಾಸ ಆಗುತ್ತದೆ.

ಹಾರ್ಡ್ ಡಿಸ್ಕಿನ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಒಳಗೆ ನೀಲಿ ಬಣ್ಣ ಇರುವ ಯುಎಸ್‌ಬಿ 3.0 ತೂತಿಗೆ ಡಿಸ್ಕ್ ಹಾಕಿದಾಗ, ಆ ವಯರ್ ಮತ್ತು ಡಿಸ್ಕ್ ಇದೇ 2.4ರ ಜಾಗದಲ್ಲಿ ಗದ್ದಲ ಹರಡುತ್ತವೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ಇದು ಒಂದೆರಡು ಚಾನೆಲ್ಲಿನ ಗದ್ದಲವಲ್ಲ, ಅಗಲವಾಗಿ ಹರಡಿದ್ದು. ಹಾಗಾಗಿ ಜಿಗಿದು ತಪ್ಪಿಸಿಕೊಳ್ಳಲು ಜಾಗ ಉಳಿಯುವುದಿಲ್ಲ. ಡಿಸ್ಕ್ ತೆಗೆದು ನೋಡಿ. ಬೇಕೇ ಬೇಕು ಅಂದರೆ ಯುಎಸ್‌ಬಿ 2.0 ತೂತಿಗೆ ಹಾಕಿ, ಅಥವಾ ಉದ್ದನೆಯ ಒಳ್ಳೆಯ ವಯರ್‌ನಲ್ಲಿ ಟಿವಿಯಿಂದ ದೂರ ಇಡಿ. ಪೇರಿಂಗ್ ಮಾಡುವಾಗಲಂತೂ ಇದನ್ನು ಕಿತ್ತೇ ಇಡಿ.

ಲೋಹ ಮತ್ತು ನೀರು ಅಲೆಗೆ ನಿಜವಾದ ಗೋಡೆಗಳು. ಮರದ ಷೋಕೇಸ್ ಅಷ್ಟಾಗಿ ತಡೆಯುವುದಿಲ್ಲ. ಕಬ್ಬಿಣದ ಹಾಳೆಯ ಗೂಡು, ಟಿವಿ ಪಕ್ಕಕ್ಕೆ ತಾಗಿಸಿದ ಬೀರು, ಹಿಂದೆ ಬಳಿದ ಲೋಹದ ಲೇಪವಿರುವ ದೊಡ್ಡ ಕನ್ನಡಿ, ಇವು ತಡೆಯುತ್ತವೆ. ಮೀನಿನ ತೊಟ್ಟಿ ಸೋಫಾ ಮತ್ತು ಟಿವಿ ನಡುವೆ ಇದ್ದರೆ ಅದೂ ಅಲೆಯನ್ನು ಹೀರುತ್ತದೆ. ನಮ್ಮ ಮೈಯಲ್ಲೂ ನೀರೇ ಜಾಸ್ತಿ ಅಲ್ವಾ? ರಿಮೋಟನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರೆ ಅಲೆ ಕುಗ್ಗುತ್ತದೆ.

ಸೌಂಡ್‌ಬಾರ್ ಮಾಡುವ ತೊಂದರೆ ಬೇರೆ ರೀತಿಯದು. ಅದು ಬ್ಲೂಟೂತ್‌ಗಿಂತ ಬೆಳಕಿನ ದಾರಿಯನ್ನು ಮುಚ್ಚುತ್ತದೆ. ಟಿವಿಯ ಕಣ್ಣು ಕೆಳಗಿನ ಅಂಚಿನಲ್ಲಿರುವುದರಿಂದ ಎತ್ತರದ ಸೌಂಡ್‌ಬಾರ್, ಸೆಟ್‌ಟಾಪ್ ಬಾಕ್ಸ್, ಹೂದಾನಿ ಮುಂದೆ ಬಂದರೆ ಪವರ್ ಬಟನ್ ಮಾತ್ರ ಕೈಕೊಡುತ್ತದೆ. ನಿಂತು ಒತ್ತಿದರೆ ಆಗುತ್ತದೆ, ಕೂತು ಒತ್ತಿದರೆ ಆಗುವುದಿಲ್ಲ ಅಂದರೆ ಇದೇ. ಸೌಂಡ್‌ಬಾರನ್ನು ಎರಡು ಬೆರಳಷ್ಟು ತಗ್ಗಿಸಿ ಅಥವಾ ಮುಂದಕ್ಕೆ ಎಳೆದು ನೋಡಿ. ಕಿಟಕಿಯಿಂದ ಬಿಸಿಲು ನೇರ ಆ ಕಣ್ಣಿಗೆ ಬೀಳುತ್ತಿದ್ದರೂ ಹೀಗಾಗುತ್ತದೆ. ಸಂಜೆ ಸರಿ, ಬೆಳಗ್ಗೆ ಮಾತ್ರ ತೊಂದರೆ ಅನ್ನುವವರು ಒಮ್ಮೆ ಕಿಟಕಿಯ ಪರದೆ ಎಳೆದು ನೋಡಬೇಕು.

ಚಿಕ್ಕಮ್ಮನ ಮನೆಯಲ್ಲಿ ಮೊದಲು ಡಿಸ್ಕ್ ಕಿತ್ತೆವು. ಸೋಫಾದ ಲೆಕ್ಕ ಹದಿಮೂರರಿಂದ ಐದಕ್ಕೆ ಇಳಿಯಿತು. ಆಮೇಲೆ ರೂಟರನ್ನು ಷೋಕೇಸಿನ ಮೇಲಿನ ತುದಿಗೆ ಸರಿಸಿದರು. ಒಂದಕ್ಕೆ ಬಂತು. ಆ ಒಂದೂ ತಪ್ಪಿದ್ದು ಸಿನಿಮಾ ಓಡುತ್ತಿದ್ದಾಗ. ಬಹಳಷ್ಟು ಟಿವಿಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಒಂದೇ ಸಣ್ಣ ಸರ್ಕ್ಯೂಟ್ ಹಲಗೆಯ ಮೇಲೆ ಕೂತಿರುತ್ತವೆ. ಟಿವಿ 2.4ರ ವೈಫೈನಲ್ಲಿ ಸಿನಿಮಾ ಎಳೆಯುತ್ತಿರುವಾಗ ರಿಮೋಟಿನ ಮಾತಿಗೆ ಸರದಿ ಕಾಯಬೇಕಾಗುತ್ತದೆ. ಟಿವಿಯ ವೈಫೈ ಸೆಟ್ಟಿಂಗ್‌ನಲ್ಲಿ ರೂಟರಿನ 5 ಗಿಗಾಹರ್ಟ್ಸ್ ಹೆಸರನ್ನು ಆರಿಸಿದ ಮೇಲೆ ಅದೂ ನಿಂತಿತು. ಲ್ಯಾನ್ ವಯರ್ ಎಳೆಯಲು ಆಗುವ ಮನೆಗಳಲ್ಲಿ ಅದು ಇನ್ನೂ ಒಳ್ಳೆಯದು.

ಇಷ್ಟಾದರೂ ಆಗದಿದ್ದರೆ

ಆಗ ತಪ್ಪು ರಿಮೋಟಿನದೋ ಟಿವಿಯದೋ ಅಂತ ಬೇರ್ಪಡಿಸಬೇಕು. ಟಿವಿಯ ಬ್ಲೂಟೂತ್ ಪುಟದಲ್ಲಿ ಒಂದು ಹೆಡ್‌ಫೋನ್ ಅಥವಾ ಸ್ಪೀಕರ್ ಜೋಡಿಸಿ ನೋಡಿ. ಅದು ಸೇರಿಕೊಂಡರೆ ಟಿವಿ ಸರಿಯಿದೆ, ರಿಮೋಟ್ ಬದಲಾಯಿಸಬೇಕು. ಯಾವುದೂ ಕಾಣುತ್ತಲೇ ಇಲ್ಲ, ಜೊತೆಗೆ ವೈಫೈ ಪಟ್ಟಿಯೂ ಖಾಲಿ ಬರುತ್ತಿದೆ ಅಂದರೆ ಆ ಎರಡನ್ನೂ ಹೊತ್ತ ಹಲಗೆಯೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹೊಸ ರಿಮೋಟಿಗೆ ದುಡ್ಡು ಹಾಕುವುದು ಆಗ ವ್ಯರ್ಥ. ಸರ್ವಿಸಿನವರಿಗೆ ಈ ಎರಡು ಮಾತನ್ನು ಹೇಳಿದರೆ ಅವರು ಸರಿಯಾದ ಭಾಗ ಹಿಡಿದುಕೊಂಡೇ ಬರುತ್ತಾರೆ.

ರಿಮೋಟೇ ಕೊಳ್ಳಬೇಕಾದರೆ ಸೆಲ್ ಗೂಡಿನ ಒಳಗಿರುವ ಚೀಟಿಯ ಫೋಟೋ ತೆಗೆದುಕೊಳ್ಳಿ. ಅಲ್ಲಿ ಬರೆದ ಮಾಡೆಲ್ ನಂಬರಿಗೇ ಹೊಂದುವುದನ್ನು ಕೇಳಿ. ನೋಡಲು ಅದೇ ಥರ ಇದ್ದು ಮೈಕ್ ಬಟನ್ನೂ ಇರುವ, ಆದರೆ ಒಳಗೆ ಇನ್‌ಫ್ರಾರೆಡ್ ಮಾತ್ರ ಇರುವ ಅಗ್ಗದ ರಿಮೋಟ್‌ಗಳು ಬೇಕಾದಷ್ಟು ಸಿಗುತ್ತವೆ. ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: “ಇದು ಬ್ಲೂಟೂತ್ ಪೇರ್ ಆಗುತ್ತಾ, ವಾಯ್ಸ್ ಕೆಲಸ ಮಾಡುತ್ತಾ?” ಇಲ್ಲ ಅಂದರೆ ಚಾನೆಲ್ ಬದಲಾಯಿಸಲು, ಸೌಂಡ್ ಏರಿಸಲು ಅದು ಸಾಕಾಗಬಹುದು. ಮಾತಾಡಿ ಹುಡುಕುವುದು ಮಾತ್ರ ಅದರಲ್ಲಿ ಆಗುವುದಿಲ್ಲ.